ಬೆಳಗೊಳದ ಕಲ್ಲು, ಮುದಗಲ್ಲಿನ ಕತೆ: ಬುಕ್ಕರಾಯನ ಮೇಲೊಂದು ವಾದ

ವಿಜಯನಗರದ ಮೊದಲನೆಯ ಬುಕ್ಕರಾಯನ ಬಗ್ಗೆ ನಮ್ಮ ಕೈಗೆ ಎರಡು ಚಿತ್ರಗಳು ಬಂದಿವೆ. ಒಂದರಲ್ಲಿ ಅವನು 1366ರ ಸುಮಾರಿಗೆ ತುಂಗಭದ್ರೆ ದಾಟಿ ಮುದಗಲ್ ಕೋಟೆಯನ್ನು ಹಿಡಿಯುತ್ತಾನೆ. ಒಳಗಿದ್ದ ಸುಮಾರು 800 ಮಂದಿಯ ಕಾವಲುಪಡೆಯನ್ನು, ಅವರ ಹೆಂಡಿರು ಮಕ್ಕಳ ಸಮೇತ, ಕಡಿಸಿ ಹಾಕುತ್ತಾನೆ. ಇನ್ನೊಂದರಲ್ಲಿ ಅದೇ ಅರಸ 1368ರಲ್ಲಿ, ದೂರು ಹೊತ್ತು ಬಂದ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ನಿಮ್ಮ ದರ್ಶನಕ್ಕೂ ಅವರ ದರ್ಶನಕ್ಕೂ ಭೇದವಿಲ್ಲ ಎಂದು ಕಟ್ಟಳೆ ಮಾಡುತ್ತಾನೆ. ನಡುವೆ ಎರಡು ವರ್ಷಗಳ ಅಂತರ, ಅಷ್ಟೆ.

ಈ ಬುಕ್ಕ ಪರಧರ್ಮವನ್ನು ಗೌರವಿಸಿದ ಉದಾರಿಯೋ, ದಯೆದಾಕ್ಷಿಣ್ಯವಿಲ್ಲದ ಕ್ರೂರಿಯೋ? ಇಬ್ಬರು ಇತಿಹಾಸಕಾರರನ್ನು ಎದುರುಬದುರು ಕೂರಿಸಿ ವಾದಿಸಲು ಬಿಡುವ ಸಂವಾದ ರೂಪಕಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಕನ್ನಡದಲ್ಲಿ ನನಗೆ ಕಂಡಿಲ್ಲ. ಕಾಲೇಜು ವೇದಿಕೆಗಳಲ್ಲಿ ಇಂಥ ರೂಪಕಗಳು ನಡೆಯುತ್ತಲೇ ಇರುತ್ತವೆ. ಅವು ಸೋಲುವುದು ಸಾಮಾನ್ಯವಾಗಿ ಒಂದೇ ಕಡೆ. ಒಬ್ಬ ರಾಜನನ್ನು ಹೊಗಳುತ್ತಾನೆ, ಇನ್ನೊಬ್ಬ ತೆಗಳುತ್ತಾನೆ, ಆದರೆ ನಿಮಗೆ ಇದು ಹೇಗೆ ಗೊತ್ತು ಎಂದು ಇಬ್ಬರೂ ಪರಸ್ಪರ ಕೇಳುವುದಿಲ್ಲ. ಆ ಪ್ರಶ್ನೆ ಬಂದ ಕ್ಷಣದಿಂದಲೇ ಇತಿಹಾಸಕಾರರ ವಾದ ಶುರುವಾಗುವುದು. ಅಲ್ಲಿಯವರೆಗೆ ನಡೆಯುವುದು ಬರೀ ಅಭಿಮಾನಿಗಳ ಜಗಳ.

ಅಂಥದೊಂದು ಸಂವಾದದ ಕೆಲವು ಭಾಗಗಳನ್ನು ಇಲ್ಲಿ ಕಟ್ಟಿದ್ದೇನೆ. ಮಾತಾಡುವ ಇಬ್ಬರೂ ಕಲ್ಪಿತರು. ಒಬ್ಬರು ಶಾಸನಗಳನ್ನು ಓದಿ ಹಣ್ಣಾದ ಪ್ರಾಧ್ಯಾಪಕಿ. ಇನ್ನೊಬ್ಬರು ದಖ್ಖನಿನ ಪರ್ಷಿಯನ್ ಚರಿತ್ರೆಗಳಲ್ಲಿ ಕೆಲಸ ಮಾಡಿದ ಮೇಷ್ಟ್ರು. ಅವರು ಮುಂದಿಡುವ ಆಧಾರಗಳು ಮಾತ್ರ ನಿಜವಾದವು. ವಾದ ಶುರು ಮಾಡುವವರು ಮೇಷ್ಟ್ರು.

ಮೇಷ್ಟ್ರು: ಮೇಡಂ, ಫಿರಿಶ್ತಾ ಹೇಳುವ ಕತೆಯನ್ನು ಮೊದಲು ಪೂರ್ತಿ ಕೇಳಿಬಿಡಿ. ಗುಲ್ಬರ್ಗದಲ್ಲಿ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ ಸಂಗೀತ ಕೇಳಿ ಖುಷಿಯಾಗಿ, ಆ ಗಾಯಕರಿಗೆ ಕೊಡಬೇಕಾದ ಹಣವನ್ನು ವಿಜಯನಗರದ ಬೊಕ್ಕಸದಿಂದ ಪಡೆಯಿರಿ ಎಂದು ಬರೆದುಕೊಡುತ್ತಾನೆ. ವಿಜಯನಗರದ ಅರಸ ತನ್ನ ಅಡಿಯಾಳು ಅನ್ನುವ ಧೋರಣೆ ಅದು. ಇಲ್ಲಿಯ ರಾಯ ಕೆರಳಿ, ಚೀಟಿ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರವಣಿಗೆ ಮಾಡಿಸುತ್ತಾನೆ. ಆಮೇಲೆ ದಂಡು ಕಟ್ಟಿಕೊಂಡು ನದಿ ದಾಟುತ್ತಾನೆ. ಮುದಗಲ್ ಬೀಳುತ್ತದೆ. ಒಬ್ಬನೇ ಒಬ್ಬ ತಪ್ಪಿಸಿಕೊಂಡು ಹೋಗಿ ಸುಲ್ತಾನನಿಗೆ ಸುದ್ದಿ ಮುಟ್ಟಿಸುತ್ತಾನೆ. ಹೆಂಗಸರು ಮಕ್ಕಳನ್ನು ಕೊಂದ ಅರಸನನ್ನು ನೀವು ಯಾವ ಬಾಯಲ್ಲಿ ಉದಾರಿ ಅಂತೀರಿ?

ಪ್ರಾಧ್ಯಾಪಕಿ: ಆ ಒಬ್ಬನ ಗತಿ ಏನಾಯಿತು ಅನ್ನೋದನ್ನೂ ಹೇಳಿಬಿಡಿ ಸರ್.

ಮೇಷ್ಟ್ರು: ಅಷ್ಟು ಜನ ವೀರರು ಸತ್ತದ್ದನ್ನು ಕಣ್ಣಾರೆ ಕಂಡೂ ಬದುಕಿ ಬಂದವನ ಮುಖ ನೋಡಲಾರೆ ಎಂದು ಸುಲ್ತಾನ ಅವನನ್ನೂ ಕೊಲ್ಲಿಸಿದ.

ಪ್ರಾಧ್ಯಾಪಕಿ: ಅಂದರೆ ಮುದಗಲ್ಲಿನಲ್ಲಿ ಏನಾಯಿತು ಅಂತ ಹೇಳಬಲ್ಲ ಒಬ್ಬನೇ ಸಾಕ್ಷಿಯನ್ನು ಕತೆಯೇ ಕೊಂದುಹಾಕಿತು. ಕೋಟೆಗೆ ಕೋಟೆಯೇ ನಾಶವಾಗಿ ಸುದ್ದಿ ಹೇಳಲು ಒಬ್ಬ ಉಳಿಯುವ ಕತೆಗಳು ಬೇರೆ ದೇಶಗಳಲ್ಲೂ ಎಷ್ಟಿಲ್ಲ? ನನಗೆ ಮೊದಲ ಅನುಮಾನ ಹುಟ್ಟೋದೇ ಅಲ್ಲಿ.

ಇಲ್ಲಿ ನಾನು ನಡುವೆ ಬಾಯಿ ಹಾಕಬೇಕು, ಯಾಕೆಂದರೆ ಫಿರಿಶ್ತಾ ಯಾರು ಎಂದು ತಿಳಿಯದ ಓದುಗರಿಗೆ ವಾದದ ತೂಕ ಗೊತ್ತಾಗುವುದಿಲ್ಲ. ಮುಹಮ್ಮದ್ ಕಾಸಿಮ್ ಫಿರಿಶ್ತಾ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿದ್ದವನು. ತನ್ನ ದೊಡ್ಡ ಚರಿತ್ರೆಯನ್ನು ಅವನು ಬರೆದದ್ದು 17ನೆಯ ಶತಮಾನದ ಆರಂಭದಲ್ಲಿ, ಮುದಗಲ್ಲಿನ ಘಟನೆ ನಡೆದು ಸುಮಾರು 240 ವರ್ಷಗಳ ಮೇಲೆ. ಇಷ್ಟನ್ನೇ ಹೇಳಿ ಅವನನ್ನು ತಳ್ಳಿಹಾಕಿದರೆ ಮೇಷ್ಟ್ರಿಗೆ ಅನ್ಯಾಯವಾಗುತ್ತದೆ. ಅವರ ಬತ್ತಳಿಕೆಯಲ್ಲಿ ಇನ್ನೊಂದು ಒಳ್ಳೆಯ ಬಾಣವಿದೆ.

ಮೇಷ್ಟ್ರು: ಫಿರಿಶ್ತಾ ಗಾಳಿಯಿಂದ ಬರೆಯಲಿಲ್ಲ ಮೇಡಂ. ಬೀದರಿನ ಮುಲ್ಲಾ ದಾವೂದ್ ಎಂಬವನ ಪುಸ್ತಕ ಅವನ ಮುಂದಿತ್ತು. ಆ ದಾವೂದ್ ಹುಡುಗನಾಗಿದ್ದಾಗ ಮುಹಮ್ಮದ್ ಷಾನ ಸೇವೆಯಲ್ಲೇ ಇದ್ದವನು. ಸಂಗೀತದ ಆ ರಾತ್ರಿಯ ವಿವರ ಬರುವುದು ಅವನಿಂದಲೇ. ಆ ಪುಸ್ತಕ ಇವತ್ತು ನಮಗೆ ಉಳಿದಿಲ್ಲ, ಫಿರಿಶ್ತಾನ ಪುಟಗಳಲ್ಲಿ ಅದರ ತುಣುಕುಗಳಿವೆ. ಹಾಗಾಗಿ 240 ವರ್ಷ ಅಂತ ನೀವು ಲೆಕ್ಕ ಹಾಕುವಾಗ, ಅದರ ಹಿಂದೆ ಆ ಕಾಲದವನೇ ಒಬ್ಬ ನಿಂತಿದ್ದಾನೆ ಅನ್ನೋದನ್ನು ಮರೀಬೇಡಿ.

ಪ್ರಾಧ್ಯಾಪಕಿ: ಒಪ್ಪಿದೆ. ಆದರೆ ಯಾವ ಸಾಲು ದಾವೂದನದು, ಯಾವುದು ಫಿರಿಶ್ತಾ ಸೇರಿಸಿದ್ದು ಅಂತ ಬೇರೆ ಮಾಡೋದು ಹೇಗೆ? ಒಂದು ಪರೀಕ್ಷೆ ಮಾಡೋಣ. ಇದೇ ಯುದ್ಧದ ವರ್ಣನೆಯಲ್ಲಿ ಅವನು ತೋಪಿನ ಗಾಡಿಗಳ ಮಾತಾಡುತ್ತಾನೆ. ಅವನ್ನು ನಡೆಸಲು ತುರ್ಕರೂ ಫಿರಂಗಿಗಳೂ ಇದ್ದರು ಅನ್ನುತ್ತಾನೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೆ 130 ವರ್ಷ ಮೊದಲು ರಾಯಚೂರು ಸೀಮೆಯಲ್ಲಿ ಯುರೋಪಿನ ತೋಪಿನವರು ಎಲ್ಲಿಂದ ಬಂದರು? ಅದು ಫಿರಿಶ್ತಾ ತನ್ನ ಕಾಲದ ದಂಡನ್ನು ಹಿಂದಕ್ಕೆ ಹಾಕಿ ನೋಡಿದ ಚಿತ್ರ. ಇನ್ನೂ ಒಂದಿದೆ. ಅವನು ಆ ರಾಯನ ಹೆಸರನ್ನು ಬುಕ್ಕ ಅಂತ ಹೇಳುವುದೇ ಇಲ್ಲ, ಕಿಶನ್ ರಾಯ ಅನ್ನುತ್ತಾನೆ. ಬುಕ್ಕ ಅಂತ ಗುರುತಿಸಿದ್ದು ಕಾಲ ತಾಳೆ ನೋಡಿದ ಈಚಿನ ಚರಿತ್ರೆಕಾರರು.

ಮೇಷ್ಟ್ರು: ಗುರುತು ಸರಿಯಾಗಿಯೇ ಇದೆ. ಆಗ ಆಳುತ್ತಿದ್ದವನು ಬುಕ್ಕನೇ.

ಪ್ರಾಧ್ಯಾಪಕಿ: ಇದೆ. ಎದುರಾಳಿಯ ಹೆಸರನ್ನೇ ತಪ್ಪು ಬರೆದವನು ಕೋಟೆಯೊಳಗೆ ಸತ್ತವರ ಲೆಕ್ಕವನ್ನು ಮಾತ್ರ ಸರಿಯಾಗಿ ಬರೆದ ಅಂತ ನಾನು ಹೇಗೆ ನಂಬಲಿ ಅನ್ನೋದಷ್ಟೇ ನನ್ನ ಪ್ರಶ್ನೆ.

ಆಕರವನ್ನು ಪರೀಕ್ಷಿಸುವ ಬಗೆ ಇದು. ಬರೆದವನ ಮತ ಯಾವುದು, ಅವನು ಯಾರ ಪಕ್ಷ ಎಂದು ಕೇಳಿ ಬಿಟ್ಟುಬಿಟ್ಟರೆ ಸಾಲದು. ನಮಗೆ ಬೇರೆ ದಾರಿಯಿಂದ ಗೊತ್ತಿರುವ ಒಂದು ಸಂಗತಿಯನ್ನು ಅವನ ಬರಹದಲ್ಲಿ ಹುಡುಕಿ, ಅಲ್ಲಿ ಅವನು ಎಡವಿದ್ದಾನೆಯೇ ನೋಡಬೇಕು. ತೋಪಿನ ವಿಷಯದಲ್ಲಿ ಫಿರಿಶ್ತಾ ಎಡವಿದ್ದಾನೆ. ಹೀಗಿದ್ದೂ ಮೇಷ್ಟ್ರು ಸೋಲೊಪ್ಪಬೇಕಾಗಿಲ್ಲ. ಅದೇ ಬರಹದೊಳಗೆ ಅವರ ಕಡೆಗೆ ವಾಲುವ ಒಂದು ಸಂಗತಿ ಉಂಟು, ಮತ್ತು ಇಡೀ ಪ್ರಕರಣದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವ ಭಾಗವೂ ಅದೇ.

ಮೇಷ್ಟ್ರು: ಫಿರಿಶ್ತಾ ತನ್ನ ಕಡೆಯವರನ್ನು ಮುಚ್ಚಿಟ್ಟನೇ? ಇಲ್ಲ. ಮುದಗಲ್ಲಿಗೆ ಸೇಡಾಗಿ ಒಂದು ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿ ಒರೆಗೆ ಹಾಕುವುದಿಲ್ಲ ಅಂತ ಸುಲ್ತಾನ ಆಣೆ ಇಟ್ಟದ್ದನ್ನು ಅವನೇ ಬರೆದಿದ್ದಾನೆ. ಆಯುಧ ಹಿಡಿಯದ ಜನರನ್ನು ಬಹಮನಿ ದಂಡು ಊರೂರಲ್ಲಿ ಕಡಿದದ್ದನ್ನೂ ಬರೆದಿದ್ದಾನೆ. ಕೊನೆಗೆ ವಿಜಯನಗರದ ರಾಯಭಾರಿಗಳು ಹೋಗಿ ಸಂಧಿ ಕೇಳಿದಾಗ, ಗಾಯಕರ ಆ ಹಣ ಸಂದಾಯವಾಗುತ್ತದೆ. ಜೊತೆಗೆ, ಇನ್ನು ಮೇಲೆ ಯುದ್ಧದಲ್ಲಿ ಆಯುಧವಿಲ್ಲದವರನ್ನು ಕೊಲ್ಲುವುದಿಲ್ಲ ಅಂತ ಮಾತು ಆಗುತ್ತದೆ. ಯಾರೂ ಕೊಲ್ಲದೆ ಇದ್ದಿದ್ದರೆ ಇಂಥ ಒಪ್ಪಂದ ಯಾತಕ್ಕೆ ಬೇಕಿತ್ತು ಮೇಡಂ?

ಪ್ರಾಧ್ಯಾಪಕಿ: ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆ ಯುದ್ಧ ಬರ್ಬರವಾಗಿತ್ತು ಅನ್ನೋದನ್ನು ಒಪ್ಪುತ್ತೇನೆ. ಸತ್ತವರ ಸಂಖ್ಯೆಯನ್ನು ಅವನು ಲಕ್ಷಗಳಲ್ಲಿ ಹೇಳುವುದನ್ನು ಮಾತ್ರ ಒಪ್ಪಲಾರೆ. ಇನ್ನು ನಮ್ಮ ಕಡೆಯ ಶಾಸನಗಳ ಪ್ರಶಸ್ತಿಗಳು ಅರಸನ ಬಿರುದು, ಗೆಲುವುಗಳನ್ನು ಹೇಳಲು ಇರುವಂಥವು. ಬುಕ್ಕ ಮುದಗಲ್ಲಿನಲ್ಲಿ ಮಕ್ಕಳನ್ನು ಕೊಂದಿದ್ದರೂ ಅವು ಅದನ್ನು ಹೇಳುತ್ತಿರಲಿಲ್ಲ. ಅಲ್ಲಿ ಮೌನ ಇದೆ ಅನ್ನೋದನ್ನೇ ಹಿಡಿದು ಅವನು ನಿರ್ದೋಷಿ ಅಂತ ನಾನೂ ವಾದಿಸಲಾಗದು.

ಇಲ್ಲಿಗೆ ಮುದಗಲ್ಲಿನ ಭಾಗ ಮುಗಿದು ವಾದ ಶ್ರವಣಬೆಳಗೊಳಕ್ಕೆ ಬರುತ್ತದೆ. ಈಗ ಪಾತ್ರಗಳು ಅದಲುಬದಲಾಗಬೇಕು. ಇಷ್ಟು ಹೊತ್ತು ಅನುಮಾನಿಸುತ್ತಿದ್ದ ಪ್ರಾಧ್ಯಾಪಕಿ ತನ್ನ ಆಧಾರವನ್ನು ಮಂಡಿಸಬೇಕು, ಮೇಷ್ಟ್ರು ಅದನ್ನು ಅಷ್ಟೇ ಕಟುವಾಗಿ ತೂಗಬೇಕು. ಕಲ್ಲಿನ ಮೇಲೆ ಕೊರೆದದ್ದಕ್ಕೆ ನಾವು ತಾನಾಗಿ ತಲೆಬಾಗುತ್ತೇವೆ. ಶಾಸನವೂ ಯಾರೋ ಬರೆಸಿದ್ದು, ಏನನ್ನೋ ಸಾಧಿಸಲು ಬರೆಸಿದ್ದು ಎಂಬುದನ್ನು ನೆನಪಿಸುವ ಕೆಲಸ ಮೇಷ್ಟ್ರದು.

ಪ್ರಾಧ್ಯಾಪಕಿ: ಬೆಳಗೊಳದ ಭಂಡಾರಿ ಬಸದಿಯಲ್ಲಿ ಈ ಶಾಸನ ಇದೆ. ಶಕ ವರ್ಷ 1290, ಕೀಲಕ ಸಂವತ್ಸರ, ಅಂದರೆ 1368. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ಊರುಗಳ ಜೈನರು ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ನಮಗೆ ಅನ್ಯಾಯವಾಗುತ್ತಿದೆ ಅನ್ನೋದು ದೂರು. ತಕರಾರು ಯಾವುದರ ಮೇಲೆ ಅನ್ನೋದು ತೀರ್ಪಿನಿಂದ ತಿಳಿಯುತ್ತದೆ. ಪಂಚಮಹಾವಾದ್ಯ ಮತ್ತು ಕಳಶ ಜೈನ ದರ್ಶನಕ್ಕೆ ಹಿಂದಿನಿಂದ ಸಲ್ಲುತ್ತ ಬಂದವು, ಮುಂದೆಯೂ ಸಲ್ಲಬೇಕು ಅಂತ ರಾಯ ಹೇಳಿದ. ದೇವರ ಉತ್ಸವಕ್ಕೆ ವಾದ್ಯ ಬಾರಿಸುವ ಹಕ್ಕಿನ ಪ್ರಶ್ನೆ ಇದು. ಅವನು ಯಾರನ್ನು ಕರೆಸಿ ನಿಲ್ಲಿಸಿದ ನೋಡಿ: ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು, ಹದಿನೆಂಟು ನಾಡಿನ ಶ್ರೀವೈಷ್ಣವರು, ಅವರೊಳಗೆ ತಿರುಕುಲ, ಜಾಂಬವಕುಲದವರೂ ಇದ್ದಾರೆ. ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರನ್ನೂ ಮಾತಿಗೆ ಕಟ್ಟಿಹಾಕಿದ. ಜೈನರಿಗಾದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿ ಅಂತ ತಿಳಿಯಬೇಕು ಅನ್ನೋದು ಕಟ್ಟಳೆ.

ಮೇಷ್ಟ್ರು: ಚೆನ್ನಾಗಿದೆ. ಈಗ ನನ್ನ ಸರದಿ. ದೂರು ಬಂದ ಊರುಗಳನ್ನು ಇನ್ನೊಮ್ಮೆ ಹೇಳಿ. ಆನೆಗೊಂದಿ! ಅರಮನೆಯಿಂದ ಹೊಳೆ ದಾಟಿದರೆ ಆನೆಗೊಂದಿ. ನಿಮ್ಮ ಉದಾರಿ ರಾಜನ ಮೂಗಿನ ಕೆಳಗೇ ಜೈನರು ಪೆಟ್ಟು ತಿನ್ನುತ್ತಿದ್ದರು, ದೂರು ಬರುವವರೆಗೂ ಅವನು ಸುಮ್ಮನಿದ್ದ. ಎರಡನೆಯದು, ಅನ್ಯಾಯ ಮಾಡಿದವರಿಗೆ ಶಿಕ್ಷೆ ಎಲ್ಲಿದೆ? ಆ ಕಲ್ಲಿನಲ್ಲಿ ಆಗಿಹೋದದ್ದಕ್ಕೆ ಯಾರಿಗೂ ದಂಡ ಹಾಕಿದ ಮಾತಿಲ್ಲ. ಮೂರನೆಯದು ಹಣದ ವಿಷಯ. ರಾಜ್ಯದ ಪ್ರತಿ ಜೈನ ಮನೆಯವರು ವರ್ಷಕ್ಕೆ ಒಂದು ಹಣ ಕೊಡಬೇಕು. ಅದನ್ನು ತೆಗೆದುಕೊಳ್ಳುವವನು ಯಾರು? ತಿರುಮಲೆಯ ತಾತಯ್ಯ, ಅಂದರೆ ಶ್ರೀವೈಷ್ಣವ. ಪೆಟ್ಟು ತಿಂದವರೇ ಕಾವಲಿಗೆ ಕಾಸು ಕೊಡಬೇಕು, ಅದೂ ಪೆಟ್ಟು ಕೊಟ್ಟವರ ಗುರುವಿನ ಕೈಗೆ! ಇದಕ್ಕೆ ಧರ್ಮಸಮನ್ವಯ ಅಂತ ಹೆಸರಿಡ್ತೀರಾ?

ಪ್ರಾಧ್ಯಾಪಕಿ: ಹಣ ಎಲ್ಲಿಗೆ ಹೋಯಿತು ಅನ್ನೋದನ್ನು ಬಿಟ್ಟಿರಿ. ಬೆಳಗೊಳದ ದೇವರಿಗೆ ಇಪ್ಪತ್ತು ಜನ ಮೈಗಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ಸರಿಪಡಿಸಬೇಕು. ತಾತಯ್ಯ ಉಣ್ಣುವುದಕ್ಕಲ್ಲ. ನೀವು ಹೇಳುವ ಅವಮಾನವೇ ಈ ಏರ್ಪಾಡಿನ ಗಟ್ಟಿತನ ಅಂತ ನನಗೆ ಅನಿಸುತ್ತದೆ. ಅರಸನ ಸೈನಿಕ ಬೆಳಗೊಳಕ್ಕೆ ಬಂದು ಕಾವಲು ನಿಂತರೆ, ಅರಸು ಬದಲಾದ ದಿನ ಅವನು ಹೋಗುತ್ತಾನೆ. ಶ್ರೀವೈಷ್ಣವರ ಗುರುವೇ ಜೈನ ಬಸದಿಯ ಕಾವಲಿಗೆ ಹೊಣೆಯಾದರೆ, ಆ ಬಸದಿಯ ಮೇಲೆ ಕೈ ಮಾಡುವ ಶ್ರೀವೈಷ್ಣವ ತನ್ನ ಗುರುವಿಗೇ ಎದುರು ಬಿದ್ದಂತೆ. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಅಂತ ಬರೆಸಿದ್ದಾನೆ.

ಮೇಷ್ಟ್ರು: ಬರೆಸಿದ್ದು ಬುಕ್ಕನೋ, ಬಸದಿಯವರೋ? ಶಾಸನದ ಕೊನೆ ಓದಿ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಇದನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಕಡೆಯವರು ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಇದರ ಹಿಂದೆ ಒಬ್ಬ ಸೆಟ್ಟಿ ಇದ್ದಾನೆ, ಅಂದರೆ ದುಡ್ಡು ಇದೆ. ವ್ಯಾಪಾರಿ ಪಟ್ಟಣಗಳ ಜೈನರು ಮುನಿಸಿಕೊಂಡರೆ ಅರಸನ ಬೊಕ್ಕಸಕ್ಕೆ ಏಟು. ಎರಡು ವರ್ಷದ ಹಿಂದೆ ಬಹಮನಿ ಯುದ್ಧದಲ್ಲಿ ಖರ್ಚಾಗಿ ಕೂತವನು ಸೆಟ್ಟರ ಮಾತು ಕೇಳದೆ ಇನ್ನೇನು ಮಾಡುತ್ತಾನೆ?

ಪ್ರಾಧ್ಯಾಪಕಿ: ಲಾಭವಿತ್ತು ಅಂದ ಮಾತ್ರಕ್ಕೆ ನ್ಯಾಯ ನ್ಯಾಯವಾಗದೆ ಹೋಗುತ್ತದೆಯೇ ಸರ್? ಅವನ ಎದೆಯೊಳಗೆ ಏನಿತ್ತು ಅನ್ನೋದು ನನಗೂ ಬೇಡ, ನಿಮಗೂ ಸಿಗುವುದಿಲ್ಲ. ಮುಂದೇನಾಯಿತು ಅನ್ನೋದನ್ನು ನೋಡಬಹುದು. ಬುಕ್ಕನ ಮಗ ಎರಡನೆಯ ಹರಿಹರನ ಕಾಲಕ್ಕೆ ಜೈನನಾದ ಇರುಗಪ್ಪ ದಂಡನಾಯಕ ರಾಜಧಾನಿಯಲ್ಲೇ ಕುಂಥು ಜಿನಾಲಯ ಕಟ್ಟಿಸಿದ. ಹಂಪಿಗೆ ಹೋದವರು ಅದನ್ನು ಗಾಣಗಿತ್ತಿ ಗುಡಿ ಅಂತ ನೋಡಿರುತ್ತಾರೆ. ಅದರ ಮುಂದಿನ ಕಂಬದ ಶಾಸನದ ಕಾಲ 1385. ತಂದೆ ಮಾಡಿದ ಏರ್ಪಾಡು ಮುರಿದುಬಿದ್ದಿದ್ದರೆ ಹದಿನೇಳು ವರ್ಷದ ಮೇಲೆ ರಾಜಧಾನಿಯ ನಡುವೆ ಜಿನಾಲಯ ಏಳುತ್ತಿತ್ತೇ?

ರೂಪಕವನ್ನು ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಇದನ್ನು ವೇದಿಕೆಗೆ ತರುವವರಿಗೆ ಎರಡು ಮಾತು ಹೇಳಬೇಕಾಗಿದೆ.

ಮೊದಲನೆಯದು, ಇಬ್ಬರ ಆಧಾರಗಳೂ ಬೇರೆ ಬೇರೆ ಜನರ ಕುರಿತಾಗಿವೆ ಎಂಬುದು ಸಭೆಗೆ ಕಾಣಬೇಕು. ಬೆಳಗೊಳದ ಜೈನರು ಬುಕ್ಕನ ಪ್ರಜೆಗಳು, ತೆರಿಗೆ ಕೊಡುವವರು, ಅವನ ದಂಡಿನಲ್ಲೂ ಅಧಿಕಾರದಲ್ಲೂ ಇದ್ದವರು. ಮುದಗಲ್ಲಿನವರು ಶತ್ರುವಿನ ಕಾವಲುಪಡೆ. ಕೃಷ್ಣೆ ತುಂಗಭದ್ರೆಗಳ ನಡುವಣ ಆ ನೆಲಕ್ಕಾಗಿ ವಿಜಯನಗರವೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ತಲೆಮಾರುಗಟ್ಟಲೆ ಕಾದಾಡಿದರು. ಆ ಕಾಲದ ಅರಸನೊಬ್ಬ ತನ್ನ ಪ್ರಜೆಗಳ ನಡುವೆ ಸಮತೂಕದ ನ್ಯಾಯ ಮಾಡಿ, ಗಡಿಯಾಚೆ ಕೋಟೆ ಹಿಡಿದಾಗ ಕೈಗೆ ಸಿಕ್ಕವರನ್ನು ಕಡಿಸಿದರೆ ಅವನ ಸುತ್ತಲಿನವರಿಗೆ ಅದು ವಿಚಿತ್ರವಾಗಿ ಕಂಡಿರಲಾರದು. ನಮಗೆ ವಿಚಿತ್ರವಾಗಿ ಕಾಣುತ್ತದೆ, ಕಾಣಬೇಕು ಕೂಡ. ಈ ಎರಡನ್ನೂ ಹಿಂದೂ ಮುಸ್ಲಿಂ ಎಂಬ ಒಂದೇ ಗೆರೆಯ ಮೇಲೆ ಎಳೆದು ಕೂರಿಸಿದರೆ ವಾದ ಕೆಟ್ಟುಹೋಗುತ್ತದೆ. ಯಾಕೆಂದರೆ ಬೆಳಗೊಳದ ಕಲ್ಲು ಆ ಗೆರೆಯ ವಿಷಯವನ್ನೇ ಮಾತಾಡುವುದಿಲ್ಲ.

ಎರಡನೆಯದು ಕೊನೆಯ ಬಗ್ಗೆ. ಇಂಥ ರೂಪಕಗಳಲ್ಲಿ ನಿರೂಪಕ ಎದ್ದುನಿಂತು, ಅವನು ಎರಡೂ ಆಗಿದ್ದ ಎಂದು ಹೇಳಿ ಇಬ್ಬರಿಗೂ ಹಾರ ಹಾಕಿ ಕಳಿಸುವ ರೂಢಿಯಿದೆ. ದಯವಿಟ್ಟು ಅದನ್ನು ಮಾಡಬೇಡಿ. ಇಲ್ಲಿ ಎರಡು ಆರೋಪಗಳಿವೆ, ಎರಡಕ್ಕೂ ಸಾಕ್ಷ್ಯದ ತೂಕ ಒಂದೇ ಅಲ್ಲ. ಬೆಳಗೊಳದ ವ್ಯವಸ್ಥೆ ನಡೆದದ್ದಕ್ಕೆ ಅದೇ ವರ್ಷದ ಕಲ್ಲಿದೆ. ಅದರ ಇನ್ನೊಂದು ಪಾಠ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಅದರ ಹಿಂದೆ ಸೆಟ್ಟರ ಹಣವಿರಲಿ, ರಾಜಕೀಯದ ಲೆಕ್ಕಾಚಾರವಿರಲಿ, ದುರ್ಬಲರಾದ ಒಂದು ಸಮುದಾಯಕ್ಕೆ ಅವರ ವಾದ್ಯ ಕಳಶಗಳು ವಾಪಸು ಸಿಕ್ಕವು, ಬಲಿಷ್ಠರು ಹೊಣೆ ಹೊರಬೇಕಾಯಿತು. ಬುಕ್ಕ ಇಲ್ಲಿ ಒಳ್ಳೆಯ ನ್ಯಾಯಾಧೀಶನಾಗಿ ನಡೆದುಕೊಂಡ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಮುದಗಲ್ಲಿನ ಕೊಲೆಗೆ ಇರುವುದು ಒಬ್ಬನೇ ಲೇಖಕನ ಬರಹ, ಅದೂ ಎರಡು ಶತಮಾನ ದಾಟಿ ಬಂದದ್ದು, ನಮಗೆ ಪರೀಕ್ಷಿಸಲು ಸಿಕ್ಕ ಕಡೆಗಳಲ್ಲಿ ತಪ್ಪಿದ್ದು. ಆ 800 ಮಂದಿಯ ರಕ್ತವನ್ನು ಅಷ್ಟರ ಬಲದ ಮೇಲೆ ಬುಕ್ಕನ ಕೈಗೆ ಹಚ್ಚಲು ನಾನು ಸಿದ್ಧನಿಲ್ಲ. ಆ ಯುದ್ಧದಲ್ಲಿ ಆಯುಧವಿಲ್ಲದವರು ಸತ್ತರು ಎಂಬುದನ್ನು ಅಲ್ಲಗಳೆಯಲೂ ಸಿದ್ಧನಿಲ್ಲ, ಆ ಸಂಧಿಯ ಷರತ್ತು ನನ್ನನ್ನು ತಡೆಯುತ್ತದೆ.

ಗೊಮ್ಮಟನ ಬೆಟ್ಟ ಹತ್ತಲು ಬೆಳಗೊಳಕ್ಕೆ ಹೋಗುವವರು ಕೆಳಗೆ ಊರೊಳಗಿರುವ ಭಂಡಾರಿ ಬಸದಿಗೂ ಹೋಗಿ ಆ ಕಲ್ಲನ್ನು ನೋಡಿ ಬನ್ನಿ. ಅದರ ಪಾಠ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟದಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಗಿದೆ. ಹಳಗನ್ನಡ ಓದಿ ಅಭ್ಯಾಸವಿಲ್ಲದವರಿಗೂ ಅದರ ಹೆಚ್ಚು ಭಾಗ ಅರ್ಥವಾಗುತ್ತದೆ.